ಶಾಲಾ ಕ್ರಿಕೆಟ್ ಹೈಲೈಟ್ಸ್: ಡ್ರಾಫ್ಟ್ 11 ನಿಮಿಷ ಆಗೈತಿ, ಸ್ಲೋ ರಿಪ್ಲೇ ಜರ್ಕ್ ಹೊಡಿತೈತಿ, ಮ್ಯೂಸಿಕ್ ಕೂಡವಲ್ದು

ಕೇಶ್ವಾಪುರ_ಎಡಿಟ್

ಎಲ್ಲಾರಿಗೂ ನಮಸ್ಕಾರ್ರಿ. ಅಂತರಶಾಲಾ 20 ಓವರ್ ಮ್ಯಾಚೊಂದರ ಹೈಲೈಟ್ಸ್ ಮಾಡಾಕ ಹತ್ತೀನಿ. ಧಾರವಾಡದಾಗ ಆಡಿದ್ದು, ಮ್ಯಾಟ್ ಹಾಸಿದ ಪಿಚ್, ಕೆಂಪು ಲೆದರ್ ಬಾಲ್. ಎರಡು ಫೋನ್‌ನ್ಯಾಗ ಶೂಟ್ ಆಗೈತಿ. ಒಂದು ವಿಕೆಟ್ಟಿನ ನೇರಕ್ಕ, ಬೌಂಡರಿ ಹೊರಗ ಟ್ರೈಪಾಡ್ ಮ್ಯಾಲೆ ಇಟ್ಟದ್ದು, 1080ಪಿ 30 ಫ್ರೇಮ್. ಇನ್ನೊಂದು ಸ್ಕ್ವೇರ್ ಲೆಗ್ ಕಡೆ ಕೈಯಾಗ ಹಿಡಿದದ್ದು, 60 ಫ್ರೇಮ್. ಎಡಿಟ್ ಮಾಡೂದು ಡಾವಿಂಚಿ ರಿಸಾಲ್ವ್ ಫ್ರೀ ವರ್ಶನ್‌ನ್ಯಾಗ.

ಶಾಲಿ ಗ್ಯಾದರಿಂಗ್‌ನ್ಯಾಗ ತೋರಸಬೇಕು. ನಾಲ್ಕೂವರೆ ನಿಮಿಷದ ಮ್ಯಾಲೆ ಟೈಮ್ ಕೊಡೂದಿಲ್ಲ ಅಂದಾರ. ನನ್ನ ಡ್ರಾಫ್ಟ್ 11 ನಿಮಿಷ 38 ಸೆಕೆಂಡ್ ಐತಿ. 38 ಬಾಲು, 22 ರಿಪ್ಲೇ. ನೋಡಿದವ್ರು ಎಲ್ಲಾರೂ "ಎಳದಂಗ ಆಗೈತಿ" ಅಂತಾರ. ರಿಪ್ಲೇ 40% ಸ್ಪೀಡಿಗೆ ಇಳಿಸೀನಿ, ಬಾಲು ಕುಂಟಿಕೊಂತ ಹೋದಂಗ ಕಾಣತೈತಿ. ಹಾಡು ಒಂದ್ ಕಡೆ, ಆಟ ಒಂದ್ ಕಡೆ. ಎಲ್ಲಿಂದ ಶುರು ಮಾಡ್ಲಿ?

ಟೈಮ್‌ಲೈನ್_ಧಾರವಾಡ

ಮೊದಲು ಹಾಡನ್ನೂ ರಿಪ್ಲೇಯನ್ನೂ ಮ್ಯೂಟ್ ಮಾಡಿ ಬದಿಗಿಡಿ. ಬರೀ ಲೈವ್ ಬಾಲ್‌ಗಳನ್ನ ಸರಿ ಮಾಡಿಕೊಳ್ಳೋಣ. ಎಳೆದಂಗ ಅನ್ನಿಸೋದು ಅಲ್ಲೇ.

ನಿಮ್ಮ ಲೆಕ್ಕದ ಪ್ರಕಾರ ಒಂದು ಬಾಲ್‌ಗೆ ಸುಮಾರು 12 ಸೆಕೆಂಡ್ ಹೋಗ್ತಿದೆ. ಬೌಲರ್ ಗುರುತಿನಿಂದ ಹೊರಟಾಗಿನಿಂದ ಶುರು ಮಾಡಿರ್ತೀರಿ, ಫೀಲ್ಡರ್ ಚೆಂಡು ವಾಪಸ್ ಎಸೆಯೋವರೆಗೆ ಬಿಟ್ಟಿರ್ತೀರಿ. ರನ್-ಅಪ್‌ನಲ್ಲಿ ಕೊನೆಯ ಮೂರು ಹೆಜ್ಜೆ ಸಾಕು, ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಶಾಲಾ ವೇಗದ ಬೌಲರ್‌ನ ಕೈಯಿಂದ ಬ್ಯಾಟಿಗೆ ಚೆಂಡು ಮುಟ್ಟೋಕೆ ಮುಕ್ಕಾಲು ಸೆಕೆಂಡಿನ ಆಸುಪಾಸು. ನೆಲದ ಮೇಲೆ ಹೋಗೋ ಫೋರ್ ಹಗ್ಗ ದಾಟೋಕೆ ಮೂರು ಸೆಕೆಂಡ್. ಆಮೇಲೆ ಬ್ಯಾಟ್ಸ್‌ಮನ್ ಮುಖವೋ, ಬೌಲರ್ ಮುಖವೋ ಎರಡು ಸೆಕೆಂಡ್. ಒಟ್ಟು ಏಳು, ಏಳೂವರೆ.

ಇದರಲ್ಲಿ ಒಂದು ಕಟ್ಟುಪಾಡು ಇದೆ. ಚೆಂಡು ಕೈ ಬಿಟ್ಟ ಗಳಿಗೆಯಿಂದ ಫಲಿತಾಂಶ ಕಾಣೋವರೆಗೆ ಕತ್ತರಿ ಹಾಕಬೇಡಿ. ಕೆಲವರು ಹೊಡೆತದ ಮೇಲೆ ಕಟ್ ಮಾಡಿ ಇನ್ನೊಂದು ಕ್ಯಾಮೆರಾಕ್ಕೆ ಹಾರ್ತಾರೆ. ನೋಡುಗನ ಕಣ್ಣು ಚೆಂಡಿನ ಜೊತೆಗೆ ಓಡ್ತಿರುತ್ತೆ. ಕಟ್ ಆದ ತಕ್ಷಣ ಚೆಂಡು ಪರದೆಯ ಬೇರೆ ಮೂಲೆಗೆ ಹೋಗಿರುತ್ತೆ, ಅದನ್ನ ಹುಡುಕೋದ್ರಲ್ಲಿ ಅರ್ಧ ಸೆಕೆಂಡ್ ಕಳೆದುಹೋಗುತ್ತೆ, ಅಷ್ಟರಲ್ಲಿ ಚೆಂಡು ಹಗ್ಗದ ಹತ್ತಿರ. ವೇಗ ಬೇಕಂದ್ರೆ ರನ್-ಅಪ್‌ನಲ್ಲಿ ಕತ್ತರಿಸಿ, ಚೆಂಡು ದಾಟಿದ ಮೇಲೆ ಕತ್ತರಿಸಿ. ನಡುವೆ ಮುಟ್ಟಬೇಡಿ.

ಈಗ ಹಂಚಿಕೆ ನೋಡಿ. ನಾಲ್ಕೂವರೆ ನಿಮಿಷ ಅಂದ್ರೆ 270 ಸೆಕೆಂಡ್. 19 ಬಾಲ್‌ಗೆ ಏಳೂವರೆಯಂತೆ 142. ಆರು ರಿಪ್ಲೇಗೆ ಏಳರಂತೆ 42. ಸ್ಕೋರ್ ಪಟ್ಟಿ ಐದು ಸಲ, ಮೂರು ಸೆಕೆಂಡಿನಂತೆ 15. ಶುರುವಿಗೆ 10, ಕೊನೆಯ ವಿಕೆಟ್ ಬಿದ್ದ ಮೇಲಿನ ಓಡಾಟ, ಅಪ್ಪುಗೆಗೆ 25, ಮುಗಿಸೋಕೆ 10. ಇಲ್ಲಿಗೆ 244 ಆಯ್ತು. ಉಳಿದ 26 ಸೆಕೆಂಡನ್ನ ತುಂಬಿಸಬೇಡಿ. ಎಲ್ಲಿ ನೋಡುಗ ಉಸಿರು ಬಿಡಬೇಕೋ ಅಲ್ಲಿ ಬೇಕಾಗುತ್ತೆ.

ಗದಗ_ಸ್ಕೋರರ್

38ರಿಂದ 19ಕ್ಕ ಇಳಿಸೂದು ಹೆಂಗ ಅನ್ನೂದಕ್ಕ ಒಂದು ಮಾತು. ಸ್ಕೋರ್ ಬುಕ್ ಮುಂದ ಇಟ್ಕೊಂಡು ಕೂಡ್ರಿ. "ಈ ಬಾಲು ತೆಗದ್ರ ಮುಂದಿನ ಸ್ಕೋರ್ ಪಟ್ಟಿ ಅರ್ಥ ಆಗ್ತದೇನು?" ಅಂತ ಒಂದೊಂದಕ್ಕೂ ಕೇಳ್ಕೋರಿ. 7 ಓವರಿಗೆ 2 ವಿಕೆಟ್ ಅಂತ ತೋರಿಸಿ, 12 ಓವರಿಗೆ 6 ವಿಕೆಟ್ ಅಂತ ತೋರಿಸಿದ್ರ, ಆ ನಾಲ್ಕು ವಿಕೆಟ್‌ನ್ಯಾಗ ಕನಿಷ್ಠ ಎರಡರ ಕಾಣಬೇಕು. ಎಲ್ಲಾ ಫೋರ್ ಹಾಕೂದು ಬ್ಯಾಡ. ಒಂದ ಓವರ್‌ನ್ಯಾಗ ಒಬ್ಬಾಂವ ಮೂರು ಫೋರ್ ಹೊಡದಿದ್ರ ಅವನ್ನ ರನ್-ಅಪ್ ಇಲ್ಲದ, ಕೈ ಬಿಟ್ಟಲ್ಲಿಂದ ಶುರು ಮಾಡಿ, ನಾಲ್ಕ ನಾಲ್ಕ ಸೆಕೆಂಡಿನಂಗ ಸಾಲಾಗಿ ಹಾಕ್ರಿ. ಆ ಓವರಿನ ಹೊಡೆತದ ಜೋರು ಆಗ ಗೊತ್ತಾಗ್ತದ.

ಇನ್ನೊಂದು, ಮೇನ್ ಕ್ಯಾಮೆರಾ ಒಂದ ತುದಿಗೆ ಇರೂದ್ರಿಂದ ಒಂದು ಓವರ್ ಬೌಲರ್ ಹಿಂದಿಂದ, ಮುಂದಿನ ಓವರ್ ಕೀಪರ್ ಹಿಂದಿಂದ ಕಾಣಸ್ತದ. ಎರಡೂ ಬೆರಸಿ ಹಾಕಿದ್ರ ಆಫ್ ಸೈಡ್, ಲೆಗ್ ಸೈಡ್ ಅದಲು ಬದಲು ಆಗ್ತಾವು. ನಡುವ ಒಂದು ಸ್ಕೋರ್ ಪಟ್ಟಿನೋ, ಪ್ರೇಕ್ಷಕರ ಶಾಟೋ ಬಂದ್ರ ಕಣ್ಣಿಗೆ ತ್ರಾಸ ಆಗೂದಿಲ್ಲ.

ನವನಗರ_ಕಟ್ಸ್

ಅಣ್ಣಾ, ಸ್ಲೋ ಮೋಷನ್ ಜರ್ಕ್‌ಗೆ ಇಷ್ಟೆಲ್ಲಾ ಬೇಡ. ರಿಸಾಲ್ವ್‌ನಲ್ಲಿ ಕ್ಲಿಪ್ ಸೆಲೆಕ್ಟ್ ಮಾಡಿ, Inspector ಒಳಗೆ Retime Process ಅನ್ನೋದನ್ನ Optical Flow ಮಾಡಿ. ಎಲ್ಲಾ ಬೆಣ್ಣೆ ಥರ ಸ್ಮೂತ್ ಆಗುತ್ತೆ. 30 ಫ್ರೇಮ್ ಇದ್ರೂ 20% ಸ್ಪೀಡಿಗೆ ಇಳಿಸಬಹುದು. ಫ್ರೀ ವರ್ಶನ್‌ನಲ್ಲೂ ಇದೆ.

ಟೈಮ್‌ಲೈನ್_ಧಾರವಾಡ

ಅರ್ಧ ಒಪ್ತೀನಿ. ಫ್ರೀ ವರ್ಶನ್‌ನಲ್ಲಿ ಇರೋದು ನಿಜ, ಆಟಗಾರ ಓಡಿ ಬರೋದು, ಕೈ ಎತ್ತೋದು, ಇಂಥದ್ದಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ. ಚೆಂಡಿಗೆ ಮಾಡೋದಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಬೌಲರ್ ಗಂಟೆಗೆ 100 ಕಿ.ಮೀ. ಹಾಕ್ತಾನೆ ಅಂದ್ಕೊಳ್ಳಿ. ಅಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್. 30 ಫ್ರೇಮ್ ವಿಡಿಯೋದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಚೆಂಡು ಹೆಚ್ಚುಕಮ್ಮಿ 90 ಸೆಂ.ಮೀ. ಸರಿದಿರುತ್ತೆ. ಚೆಂಡಿನ ಅಗಲ ಏಳು ಸೆಂ.ಮೀ. ಈ ಫ್ರೇಮಿನ ಕೆಂಪು ಚುಕ್ಕೆಯೇ ಮುಂದಿನ ಫ್ರೇಮಿನ ಕೆಂಪು ಚುಕ್ಕೆ ಅಂತ ಸಾಫ್ಟ್‌ವೇರ್‌ಗೆ ಹೊಳೆಯೋದಿಲ್ಲ. ಹಾಗಾಗಿ ಚೆಂಡು ಒಂದು ಕಡೆ ಕರಗಿ ಇನ್ನೊಂದು ಕಡೆ ಮೂಡಿದಂಗ ತೋರಿಸುತ್ತೆ. ಬ್ಯಾಟಿನ ಅಂಚು ಪ್ಯಾಡಿನ ಜೊತೆ ಮೇಣದ ಥರ ಅಂಟಿಕೊಳ್ಳುತ್ತೆ. ಬೇಲ್ಸ್ ಹಾರೋದು ನೋಡಿದ್ರಂತೂ ಸ್ಟಂಪೇ ಬಾಗಿದ ಹಾಗಿರುತ್ತೆ. ಫೋನ್ ಪರದೆಯಲ್ಲಿ ಗೊತ್ತಾಗೋದಿಲ್ಲ. ಗ್ಯಾದರಿಂಗ್‌ನ ದೊಡ್ಡ ಪರದೆಯಲ್ಲಿ ಎದ್ದು ಕಾಣುತ್ತೆ.

ಕುಂಟೋದಕ್ಕೆ ಕಾರಣ 40% ಅನ್ನೋ ಅಂಕಿ. 30ರ ಟೈಮ್‌ಲೈನಿನಲ್ಲಿ 30ರ ಕ್ಲಿಪ್ಪನ್ನ 40%ಗೆ ಇಳಿಸಿದ್ರೆ ಒಂದೊಂದು ಫ್ರೇಮ್ ಎರಡೂವರೆ ಸಲ ಬರಬೇಕು. ಅರ್ಧ ಫ್ರೇಮ್ ಅನ್ನೋದು ಇಲ್ಲ. ಹೀಗಾಗಿ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ ಬರ್ತದೆ. ನಿಮ್ಮ ಕಣ್ಣಿಗೆ ಕುಂಟಿದಂಗ ಕಂಡದ್ದು ಅದೇ. 50% ಇಡಿ, ಪ್ರತಿ ಫ್ರೇಮ್ ಸರಿಯಾಗಿ ಎರಡು ಸಲ ಬರುತ್ತೆ. ನಡಿಗೆ ಸ್ವಲ್ಪ ಬಿರುಸಾದ್ರೂ ಸಮನಾಗಿರುತ್ತೆ, ಚೆಂಡು ಚೆಂಡಾಗೇ ಉಳಿಯುತ್ತೆ. Retime Process ಅನ್ನ Nearest ಮೇಲೆ ಬಿಡಿ.

ಸ್ಕ್ವೇರ್ ಲೆಗ್ ಕಡೆಯ 60 ಫ್ರೇಮ್ ಕ್ಲಿಪ್ಪನ್ನ 50%ಗೆ ಇಳಿಸಿದ್ರೆ ಪ್ರತಿ ಫ್ರೇಮೂ ನಿಜವಾದ ಫ್ರೇಮು, ಒಂದೂ ಪುನರಾವರ್ತನೆ ಇಲ್ಲ. ನಿಮ್ಮ ರಿಪ್ಲೇ ಎಲ್ಲಾ ಆ ಫೋನಿನಿಂದ ಬರಲಿ. ಮುಂದಿನ ಸಲ ಆ ಫೋನನ್ನ 120ಕ್ಕೆ ಇಟ್ರೆ 25%ವರೆಗೆ ಇಳಿಸಬಹುದು.

ನವನಗರ_ಕಟ್ಸ್

ಈಗಷ್ಟೇ ಒಂದು ಬೌಲ್ಡ್ ಕ್ಲಿಪ್ ಮೇಲೆ ಎರಡೂ ಹಾಕಿ ನೋಡಿದೆ. ಬೇಲ್ಸ್ ವಿಷಯ ಖರೇ. ಒಂದು ಬೇಲ್ ಮೇಲಕ್ಕೆ ಹೋಗುವಾಗ ಎರಡಾಗಿ ಮತ್ತೆ ಒಂದಾಗ್ತಿದೆ. ಇಷ್ಟು ದಿನ ನೋಡಿರಲಿಲ್ಲ. ಆದ್ರೆ ಟೈಮ್‌ಲೈನ್ 25 ಇಡಬೇಕಲ್ವಾ? ನಮ್ಮ ದೇಶದ ಟಿವಿ 25.

ಟೈಮ್‌ಲೈನ್_ಧಾರವಾಡ

ಟಿವಿ ಪ್ರಸಾರಕ್ಕೆ ಹೌದು. ಇಲ್ಲಿ ಎಲ್ಲಾ ಕ್ಲಿಪ್ 30 ಮತ್ತು 60. 25ರ ಟೈಮ್‌ಲೈನಿಗೆ ಹಾಕಿದ್ರೆ ಪ್ರತಿ ಆರು ಫ್ರೇಮಿಗೆ ಒಂದು ಬಿದ್ದುಹೋಗುತ್ತೆ. ಚೆಂಡಿನ ಹಿಂದೆ ಕ್ಯಾಮೆರಾ ತಿರುಗಿಸಿದ ಶಾಟ್‌ಗಳಲ್ಲಿ ಸೆಕೆಂಡಿಗೆ ಐದು ಸಲ ಸಣ್ಣ ತಡವರಿಕೆ ಕಾಣುತ್ತೆ. 30 ಇಡಿ. ರಿಸಾಲ್ವ್‌ನಲ್ಲಿ ಕ್ಲಿಪ್‌ಗಳನ್ನ ಒಳಗೆ ತಂದುಕೊಂಡ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸೋಕೆ ಬಿಡೋದಿಲ್ಲ, ಅದಕ್ಕೇ ಮೊದಲೇ ನೋಡಿಕೊಳ್ಳಿ.

ರಾಣೇಬೆನ್ನೂರ್_ಲೈವ್

ಸರ್, ನಾವು ಟೆನಿಸ್ ಬಾಲ್ ಟೂರ್ನಮೆಂಟ್ ಯೂಟ್ಯೂಬ್ ಲೈವ್ ಮಾಡ್ತೀವಿ. ಲೈವ್ ನಡೆದಾಗಲೇ ರಿಪ್ಲೇ ತೋರಿಸಬೇಕಂದ್ರೆ ಒಬಿಎಸ್‌ನಲ್ಲಿ ರಿಪ್ಲೇ ಬಫರ್ ಎಷ್ಟು ಸೆಕೆಂಡ್ ಇಡಬೇಕು? 20 ಇಟ್ರೆ ಕಂಪ್ಯೂಟರ್ ನಿಧಾನ ಆಗ್ತೈತಿ.

ಟೈಮ್‌ಲೈನ್_ಧಾರವಾಡ

ಇಲ್ಲಿ ಕೇಳ್ತಿರೋದು ರೆಕಾರ್ಡ್ ಆದ ಮ್ಯಾಚಿನ ಎಡಿಟ್ ಬಗ್ಗೆ. ಆದ್ರೂ ಹೇಳ್ತೀನಿ, ಒಂದು ಬಾಲಿಗೆ 10 ಸೆಕೆಂಡ್ ಸಾಕು. ಬಫರ್ ಮೆಮೊರಿಯಲ್ಲೇ ಕೂರುತ್ತೆ, ಎಷ್ಟು ಸೆಕೆಂಡ್ ಇಡ್ತೀರೋ ಅಷ್ಟು ಜಾಗ ತಿನ್ನುತ್ತೆ. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರ್ತೀನಿ.

ಕೇಶ್ವಾಪುರ_ಎಡಿಟ್

50% ಮಾಡಿದ ಕೂಡ್ಲೆ ಕುಂಟೂದು ನಿಂತೈತ್ರಿ. ಭಾಳ ಉಪಕಾರ ಆತು. ರಿಪ್ಲೇ 22ರಿಂದ 6ಕ್ಕ ಇಳಿಸೂದು ಕಷ್ಟ ಆಗೇತಿ. ಯಾವದನ್ನ ಬಿಡ್ಲಿ? ಮತ್ತ ಲೈವ್ ಆದ ಮ್ಯಾಲೆ ರಿಪ್ಲೇ ಹಾಕಿದ್ರ ನಮ್ಮ ಮನ್ಯಾಗ "ಮತ್ತೊಂದು ಫೋರ್ ಹೊಡದ್ನ?" ಅಂತ ಕೇಳಿದ್ರು.

ಟೈಮ್‌ಲೈನ್_ಧಾರವಾಡ

ಲೈವ್‌ನಲ್ಲಿ ಕಾಣದ್ದು ರಿಪ್ಲೇಯಲ್ಲಿ ಏನು ಕಾಣ್ತದೆ ಅಂತ ನೋಡಿ. ನೇರ ಡ್ರೈವ್ ಹೊಡೆದು ಫೋರ್ ಹೋದ್ರೆ ಲೈವ್‌ನಲ್ಲೇ ಎಲ್ಲಾ ಕಂಡಿರುತ್ತೆ, ರಿಪ್ಲೇ ಬೇಡ. ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಕೈಗೆ ಹೋದ ಕ್ಯಾಚು, ಆಫ್ ಸ್ಟಂಪಿನ ತುದಿ ಹಾರಿಸಿದ ಚೆಂಡು, ಬೌಂಡರಿ ಹತ್ತಿರ ಹಿಂದಕ್ಕೆ ಓಡಿ ಹಿಡಿದದ್ದು, ಇವುಗಳಿಗೆ ಸ್ಕ್ವೇರ್ ಲೆಗ್ ಕೋನ ಹೊಸದೊಂದನ್ನ ತೋರಿಸುತ್ತೆ. ಅದೇ ಕೋನದಿಂದ ಅದನ್ನೇ ನಿಧಾನ ತೋರಿಸಿದ್ರೆ ನೋಡುಗನಿಗೆ ಏನೂ ಸಿಗೋದಿಲ್ಲ.

ರಿಪ್ಲೇ ರನ್-ಅಪ್‌ನಿಂದ ಶುರು ಆಗಬಾರದು. ಚೆಂಡು ಕೈ ಬಿಡೋ ಮುಂಚಿನ ಅರ್ಧ ಸೆಕೆಂಡಿನಿಂದ ಶುರು ಮಾಡಿ, ಚೆಂಡು ಪಿಚ್ ಆಗೋವರೆಗೆ ಪೂರ್ತಿ ವೇಗ, ಅಲ್ಲಿಂದ 50%. ರಿಸಾಲ್ವ್‌ನಲ್ಲಿ ಕ್ಲಿಪ್ ಆರಿಸಿ Ctrl+R ಒತ್ತಿದ್ರೆ ವೇಗದ ಪಟ್ಟಿ ಬರುತ್ತೆ. ಪಿಚ್ ಆದ ಫ್ರೇಮಿನಲ್ಲಿ ಒಂದು ಸ್ಪೀಡ್ ಪಾಯಿಂಟ್ ಹಾಕಿ, ಅದರ ಬಲಗಡೆ ತುಂಡನ್ನ 50 ಮಾಡಿ. ಫಲಿತಾಂಶ ಕಂಡ ಮೇಲೆ ಒಂದು ಸೆಕೆಂಡ್ ಬಿಟ್ಟು ಕತ್ತರಿಸಿ. ಸಂಭ್ರಮವನ್ನ ನಿಧಾನ ಮಾಡಬೇಡಿ, ಮಕ್ಕಳು ಓಡಿ ಬಂದು ಹಾರೋದಕ್ಕೆ ಅದರದ್ದೇ ವೇಗ ಚೆಂದ.

"ಮತ್ತೊಂದು ಫೋರ್" ಗೊಂದಲಕ್ಕೆ ಲೈವ್ ಮತ್ತು ರಿಪ್ಲೇ ನಡುವೆ ಒಂದು ಗುರುತು ಬೇಕು. ಶಾಲೆಯ ಲಾಂಛನ ಪರದೆ ದಾಟಿ ಹೋಗೋ 10 ಫ್ರೇಮಿನ ಪಟ್ಟಿ ಹಾಕಿ, ರಿಪ್ಲೇ ಮುಗಿದಾಗಲೂ ಅದನ್ನೇ ಹಾಕಿ. ಆರೂ ಸಲ ಒಂದೇ ಥರ ಇರಲಿ. ಎರಡನೇ ಸಲಕ್ಕೆ ನೋಡುಗನಿಗೆ ರೂಢಿ ಆಗಿರುತ್ತೆ. ಮೇಲೆ ಮೂಲೆಯಲ್ಲಿ "ಮರುನೋಟ" ಅಂತ ಬರೆದ್ರೂ ಸರಿ, ಆದ್ರೆ ಹಿಂದೆ ಕೂತವರಿಗೆ ಕಾಣೋ ದಪ್ಪ ಇರಬೇಕು.

ಸಪ್ತಾಪುರ_ಟೀಚರ್

ಒಂದು ಮಾತು ಹೇಳಲೇಬೇಕು. ಎದುರಿನ ಶಾಲೆಯ ಹುಡುಗ ಕ್ಯಾಚ್ ಬಿಟ್ಟದ್ದನ್ನು ನಿಧಾನಗತಿಯಲ್ಲಿ ತೋರಿಸಬೇಡಿ. ಅದು ಹನ್ನೆರಡು, ಹದಿಮೂರು ವರ್ಷದ ಮಗು. ಆ ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ಅವರ ಶಾಲೆಗೂ ಹೋಗುತ್ತದೆ. ಔಟಾದವನ ಮುಖವನ್ನೂ ಹತ್ತಿರದಿಂದ ಹಿಗ್ಗಿಸುವುದು ಬೇಡ, ಬೌಲರ್‌ನ ಸಂತೋಷ ತೋರಿಸಿದರೆ ವಿಕೆಟ್ ಬಿದ್ದದ್ದು ತಿಳಿಯುತ್ತದೆ. ಆನ್‌ಲೈನ್ ಹಾಕುವ ಮುನ್ನ ಎರಡೂ ಶಾಲೆಯ ಪಾಲಕರ ಒಪ್ಪಿಗೆ ತೆಗೆದುಕೊಳ್ಳಿ.

ಕೇಶ್ವಾಪುರ_ಎಡಿಟ್

ಖರೇ ಐತ್ರಿ ಮೇಡಂ, ಬಿಟ್ಟ ಕ್ಯಾಚ್ ಎರಡೂ ತೆಗೀತೀನಿ. ಒಂದು ರನ್ ಔಟ್ ಐತಿ, ಅದರ ಬಗ್ಗೆ ಗ್ರೌಂಡ್‌ನ್ಯಾಗ ವಾದ ಆಗಿತ್ತು. ಅಂಪೈರ್ ಔಟ್ ಕೊಟ್ರು. ಕ್ರೀಸಿನ ಹತ್ರ ಫ್ರೀಜ್ ಮಾಡಿ ತೋರಿಸಿದ್ರ ಎಲ್ಲಾರಿಗೂ ಸಮಾಧಾನ ಆಗ್ತೈತಿ ಅನಸ್ತೈತಿ.

ಗದಗ_ಸ್ಕೋರರ್

ಬ್ಯಾಡ್ರಿ. ಓಡೂ ಹುಡುಗ ಸೆಕೆಂಡಿಗೆ ಆರು ಮೀಟರ್ ಹೋಗ್ತಾನ ಅಂದ್ರೂ 60 ಫ್ರೇಮ್‌ನ್ಯಾಗ ಒಂದ ಫ್ರೇಮಿಗೆ 10 ಸೆಂ.ಮೀ., 30 ಫ್ರೇಮ್‌ನ್ಯಾಗ 20 ಸೆಂ.ಮೀ. ಬೇಲ್ ಎದ್ದದ್ದು ಎರಡು ಫ್ರೇಮಿನ ನಡುವ ಆಗಿರ್ತದ. ಅದರ ಮ್ಯಾಲೆ ನಿಮ್ಮ ಫೋನು ಕ್ರೀಸಿನ ನೇರಕ್ಕ ಇಲ್ಲ, ಕೈಯಾಗ ಅದ. ಪಕ್ಕಕ್ಕ ನಾಲ್ಕು ಹೆಜ್ಜಿ ಸರದಿದ್ರ ಬ್ಯಾಟು ಗೆರಿ ದಾಟಿದಂಗೂ ಕಾಣಬಹುದು, ದಾಟದಂಗೂ ಕಾಣಬಹುದು. ಆ ಫ್ರೀಜ್ ಏನನ್ನೂ ಸಾಬೀತು ಮಾಡೂದಿಲ್ಲ. ಅಂಪೈರ್ ಕೈ ಎತ್ತಿದ್ದು ತೋರ್ಸಿ ಮುಂದ ಹೋಗ್ರಿ.

ಟೈಮ್‌ಲೈನ್_ಧಾರವಾಡ

ಫ್ರೀಜ್ ಬೇಡ ಅನ್ನೋದಕ್ಕೆ ಒಪ್ಪಿಗೆ ಇದೆ. ಆದ್ರೆ ರಿಪ್ಲೇನೇ ಬೇಡ ಅನ್ನೋದಕ್ಕೆ ಇಲ್ಲ. ಫೀಲ್ಡರ್ ಬಗ್ಗಿ ಎತ್ತಿ ಎಸೆದದ್ದು ಮ್ಯಾಚಿನ ಒಳ್ಳೆ ಫೀಲ್ಡಿಂಗ್ ಆಗಿದ್ರೆ, ಅವನ ಮೇಲೆ ಕಣ್ಣಿಟ್ಟು ರಿಪ್ಲೇ ಹಾಕಿ, ಚೆಂಡು ಕೈ ಬಿಟ್ಟ ಕೂಡಲೇ ಕತ್ತರಿಸಿ.

ಗದಗ_ಸ್ಕೋರರ್

ಅಷ್ಟು ತೋರಿಸಿದ್ರೂ ಮಂದಿ ಮುಂದಿಂದು ಕೇಳೇ ಕೇಳ್ತಾರ. ನನ್ನ ಮನಸ್ಸು ಒಪ್ಪೂದಿಲ್ಲ.

ಬೆಟಗೇರಿ_ಬೀಟ್

ಮ್ಯೂಸಿಕ್ ವಿಷಯಕ್ಕೆ ಬರೋಣ. ಯಾವ ಹಾಡು ಹಾಕೀರಿ? ಅದರ ಬಿಪಿಎಂ ಎಷ್ಟು?

ಕೇಶ್ವಾಪುರ_ಎಡಿಟ್

ಒಂದು ಸಿನಿಮಾ ಹಾಡ್ರಿ, ಬಿಪಿಎಂ 128 ಅಂತ ತೋರಸ್ತೈತಿ. ಕಟ್ ಎಲ್ಲಾ ಬೀಟ್ ಮ್ಯಾಲೆ ಕೂಡಿಸೀನಿ, ಆದ್ರೂ ಬ್ಯಾರೆ ಬ್ಯಾರೆ ಅನಸ್ತೈತಿ.

ನವನಗರ_ಕಟ್ಸ್

ಸಿನಿಮಾ ಹಾಡು 10 ಸೆಕೆಂಡಿಗಿಂತ ಕಡಿಮೆ ಹಾಕಿದ್ರೆ ಕಾಪಿರೈಟ್ ಬರೋದಿಲ್ಲ. ಮೂರ್ನಾಲ್ಕು ಹಾಡಿನ ತುಣುಕು ಜೋಡಿಸಿ.

ಬೆಟಗೇರಿ_ಬೀಟ್

ಇಂಥಾ 10 ಸೆಕೆಂಡಿನ ನಿಯಮ ಎಲ್ಲೂ ಇಲ್ಲ ತಮ್ಮಾ. ಯೂಟ್ಯೂಬಿನ ಕಂಟೆಂಟ್ ಐಡಿ ಸಣ್ಣ ತುಣುಕನ್ನೂ ಹಿಡಿಯುತ್ತದೆ. ಕ್ಲೇಮ್ ಬಂದರೆ ಚಾನೆಲ್‌ಗೆ ಸ್ಟ್ರೈಕ್ ಅಂತ ಅಲ್ಲ, ಅವೆರಡೂ ಬೇರೆ. ಆದರೆ ಹಾಡಿನ ಹಕ್ಕುದಾರರು ವಿಡಿಯೋವನ್ನ ತಡೆಹಿಡಿಯಬಹುದು, ಇಲ್ಲವೇ ಜಾಹೀರಾತು ಹಾಕಿ ದುಡ್ಡು ತಾವು ತಗೋಬಹುದು. ಯೂಟ್ಯೂಬ್ ಆಡಿಯೋ ಲೈಬ್ರರಿಯಿಂದ ತಗೊಂಡರೆ ಈ ತಂಟೆ ಇಲ್ಲ, ಕೆಲವಕ್ಕೆ ಮಾತ್ರ ವಿವರಣೆಯಲ್ಲಿ ಹೆಸರು ಹಾಕಬೇಕು, ಅದು ಪಟ್ಟಿಯಲ್ಲೇ ಬರೆದಿರುತ್ತದೆ.

ಇನ್ನು ಕೂಡದ್ದಕ್ಕೆ ಕಾರಣ ಹೇಳ್ತೀನಿ. ನೀವು ಕಟ್‌ಗಳನ್ನ ಬೀಟ್ ಮೇಲೆ ಇಟ್ಟೀರಿ. ಕ್ರಿಕೆಟ್‌ನ ತಾಳ ಕಟ್‌ನಲ್ಲಿ ಇಲ್ಲ, ಚೆಂಡು ಬ್ಯಾಟಿಗೆ ತಾಗಿದಾಗ ಇದೆ, ಸ್ಟಂಪಿಗೆ ಬಡಿದಾಗ ಇದೆ. ಕಟ್ ಬೀಟ್ ಮೇಲೆ ಬಿದ್ದು ಹೊಡೆತ ಬೀಟಿನ ನಡುವೆ ಬಿದ್ದರೆ ಕಿವಿಗೆ ಎರಡು ತಾಳ ಕೇಳಿದಂಗ ಆಗ್ತದೆ.

100 ಬಿಪಿಎಂನ ಒಂದು ಟ್ರ್ಯಾಕ್ ಹುಡುಕಿರಿ. 30 ಫ್ರೇಮ್ ಟೈಮ್‌ಲೈನಿನಲ್ಲಿ ಒಂದು ಬೀಟ್ ಅಂದರೆ ಸರಿಯಾಗಿ 18 ಫ್ರೇಮ್. 120 ಆದರೆ 15 ಫ್ರೇಮ್, ಅದೂ ಪೂರ್ಣ ಸಂಖ್ಯೆ. 128 ಆದರೆ 14.06, ಆ ಚಿಲ್ಲರೆ ಕೂಡುತ್ತಾ ಹೋಗಿ ಬರೀ ಫ್ರೇಮ್ ಎಣಿಸಿ ಇಟ್ಟ ಗುರುತುಗಳು ಕೊನೆಗೆ ಬೀಟ್ ಬಿಟ್ಟು ಸರಿಯುತ್ತವೆ. ಬೀಟ್ ಮೇಲೆ `M` ಒತ್ತಿ ಮಾರ್ಕರ್ ಹಾಕಿರಿ. ಆಮೇಲೆ ಹೊಡೆತದ ಫ್ರೇಮನ್ನ ಹತ್ತಿರದ ಮಾರ್ಕರ್‌ಗೆ ಸರಿಸಿರಿ. ಸರಿಸೋದು ಹೇಗಂದರೆ, ರನ್-ಅಪ್‌ನ ತುದಿಯಿಂದ ಕತ್ತರಿಸಿ ಅಥವಾ ಸೇರಿಸಿ. 18 ಫ್ರೇಮಿನ ಬೀಟಿಗೆ ಹೆಚ್ಚೆಂದರೆ 9 ಫ್ರೇಮ್ ಆಚೆ ಈಚೆ ಆಗ್ತದೆ, 0.3 ಸೆಕೆಂಡ್. ಅರ್ಧ ಹೆಜ್ಜೆ ರನ್-ಅಪ್ ಕಡಿಮೆ ಆದದ್ದು ಯಾರಿಗೂ ತಿಳಿಯೋದಿಲ್ಲ. ಹೊಡೆತಕ್ಕೆ ಕೂಡಲಿ ಅಂತ ಚೆಂಡಿನ ವೇಗವನ್ನ ಮಾತ್ರ ಬದಲಿಸಬೇಡಿ. ಆಟ ಬಲ್ಲವರಿಗೆ ಕೂಡಲೇ ಗೊತ್ತಾಗ್ತದೆ.

19 ಬಾಲಿಗೂ ಹೀಗೆ ಮಾಡಬೇಡಿ. ಆರೇಳಕ್ಕೆ ಸಾಕು. ಎಲ್ಲವೂ ಬೀಟ್ ಮೇಲೆ ಬಿದ್ದರೆ ಮೂರನೇ ಬಾಲಿಗೇ ಮುಂದಿನದು ಯಾವಾಗ ಅಂತ ನೋಡುಗ ಊಹೆ ಮಾಡ್ತಾನೆ.

ಟೈಮ್‌ಲೈನ್_ಧಾರವಾಡ

ಬೀಟ್ ಅವರೇ, ನಾನು ಚಿತ್ರ ಪೂರ್ತಿ ಕತ್ತರಿಸಿದ ಮೇಲೇ ಸಂಗೀತ ಹಾಕ್ತೀನಿ. ಮೊದಲೇ ಹಾಡು ಇಟ್ಕೊಂಡ್ರೆ ದುರ್ಬಲ ಬಾಲ್ ಕೂಡ ಹಾಡಿನ ಜೋರಿನಿಂದ ಚೆನ್ನಾಗಿದೆ ಅನ್ನಿಸಿ ಉಳಿದುಬಿಡುತ್ತೆ.

ಬೆಟಗೇರಿ_ಬೀಟ್

ನಾನು ಉಲ್ಟಾ. ಹಾಡಿನ ಏರಿಳಿತ ಮೊದಲು ಗೊತ್ತಿದ್ದರೆ ಯಾವ ವಿಕೆಟ್ ಎಲ್ಲಿ ಕೂರಬೇಕು ಅಂತ ತಿಳೀತದೆ. ಕೊನೆಯ ವಿಕೆಟ್ ಹಾಡಿನ ಇಳಿತದಲ್ಲಿ ಬಿದ್ದರೆ ಆಮೇಲೆ ಏನು ಮಾಡಿದರೂ ಏಳೋದಿಲ್ಲ. ಇದರಾಗ ನಾವಿಬ್ಬರೂ ಒಪ್ಪೋದಿಲ್ಲ ಬಿಡಿ, ಅವರು ಎರಡೂ ಮಾಡಿ ನೋಡಲಿ.

ಕೊನೆಯ ವಿಕೆಟಿಗೆ ಒಂದು ಮಾತು. ಬೌಲರ್ ಓಡಿ ಬರೋಕೆ ಶುರು ಮಾಡಿದಾಗ ಸಂಗೀತ ಪೂರ್ತಿ ನಿಲ್ಲಿಸಿರಿ. ನಾಲ್ಕು ಬೀಟ್, ಅಂದರೆ 2.4 ಸೆಕೆಂಡ್, ಬರೀ ಗ್ರೌಂಡಿನ ಸದ್ದು. ಸ್ಟಂಪಿಗೆ ಬಡಿದ ಫ್ರೇಮಿನಲ್ಲಿ ಸಂಗೀತ ವಾಪಸ್ ಬರಲಿ. ಸಾಧ್ಯ ಇದ್ದರೆ ಆ ವಾಪಸ್ ಬರೋದು ಜಗ್ಗಲಗಿ ಆಗಿರಲಿ. ಹುಬ್ಬಳ್ಳಿ ಕಡೆಯವರಿಗೆ ಹೋಳಿಯಿಂದ ಆ ಸದ್ದು ಮೈಯಾಗ ಇರ್ತದೆ. ಬಾರಿಸೋರನ್ನ ಕರೆದು ಫೋನಿನಾಗೇ ರೆಕಾರ್ಡ್ ಮಾಡಿಕೊಳ್ಳಿ, ಆದರೆ ಐದು ಮೀಟರ್ ದೂರ ನಿಂತು. ಹತ್ತಿರ ಹೋದರೆ ಫೋನಿನ ಮೈಕ್ ತಡೆಯೋದಿಲ್ಲ, ಪೆಟ್ಟು ಒಡೆದು ಕರಕರ ಅಂತದೆ, ಅದನ್ನ ಆಮೇಲೆ ಸರಿ ಮಾಡೋಕೆ ಬರೋದಿಲ್ಲ. ಕೈಯಿಂದ ಬಾರಿಸಿದ್ದರ ಲಯ ಸ್ವಲ್ಪ ಓಡ್ತದೆ, ಹಾಗಾಗಿ ಫ್ರೇಮ್ ಲೆಕ್ಕ ನಂಬದೆ ಕೇಳಿ ಕೇಳಿ ಮಾರ್ಕರ್ ಹಾಕಿರಿ.

ಕೇಶ್ವಾಪುರ_ಎಡಿಟ್

ಮೂರು ದಿನ ಕುಂತು ಮಾಡೀನ್ರಿ. ಈಗ 4 ನಿಮಿಷ 26 ಸೆಕೆಂಡ್. ಜಗ್ಗಲಗಿ ರೆಕಾರ್ಡ್ ಸಿಕ್ತು. ಆದ್ರ ಒಂದು ವಿಚಿತ್ರ ಐತಿ. ಹೊಡೆತ ಬೀಟ್ ಮ್ಯಾಲೆ ಕೂಡಿಸೀನಿ, ಬ್ಯಾಟಿನ "ಟಕ್" ಸದ್ದು ಮಾತ್ರ ತಡಾ ಆಗಿ ಕೇಳಸ್ತೈತಿ. ಒಂದ ಕ್ಲಿಪ್ ಅಲ್ಲ, ಎಲ್ಲಾದ್ರಾಗೂ.

ನವನಗರ_ಕಟ್ಸ್

ಫೋನ್ ವಿಡಿಯೋದಲ್ಲಿ ವೇರಿಯಬಲ್ ಫ್ರೇಮ್ ರೇಟ್ ಇರುತ್ತೆ, ಅದರಿಂದ ಆಡಿಯೋ ಸರಿಯುತ್ತೆ. ಕನ್ವರ್ಟ್ ಮಾಡಿ.

ಟೈಮ್‌ಲೈನ್_ಧಾರವಾಡ

ಅದು ಒಂದು ಕಾರಣ ಇರಬಹುದು, ಆದ್ರೆ ಇಲ್ಲಿ ಇನ್ನೊಂದು ಇದ್ದೇ ಇದೆ. ಕ್ಯಾಮೆರಾ ಬೌಂಡರಿ ಹೊರಗೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಫೋನಿಗೂ ಹತ್ತಿರದ ಸ್ಟಂಪಿಗೂ 60 ಮೀಟರ್ ಇದ್ರೆ, ಆ ತುದಿಯ ಬ್ಯಾಟಿನ ಸದ್ದು 0.17 ಸೆಕೆಂಡ್, ಅಂದ್ರೆ 5 ಫ್ರೇಮ್ ತಡವಾಗಿ ಬರುತ್ತೆ. ಪಿಚ್ ಉದ್ದ 20 ಮೀಟರ್, ಆಚೆ ತುದಿಯ ಬ್ಯಾಟ್ಸ್‌ಮನ್ ಆದ್ರೆ 80 ಮೀಟರ್, 7 ಫ್ರೇಮ್.

ಯಾವ ಕಾರಣ ಅಂತ ಹೀಗೆ ತಿಳ್ಕೊಳ್ಳಿ. ಒಂದೇ ಉದ್ದದ ರೆಕಾರ್ಡಿಂಗ್‌ನಲ್ಲಿ ಮೊದಲ ಓವರಿನ ಹೊಡೆತ ಮತ್ತು ಕೊನೆಯ ಓವರಿನ ಹೊಡೆತ ತೆಗೆದುಕೊಂಡು ಫ್ರೇಮ್ ಎಣಿಸಿ. ಎರಡರಲ್ಲೂ 5 ಅಥವಾ 7 ಇದ್ರೆ ಅದು ದೂರದಿಂದ ಆದದ್ದು. ಮೊದಲು 6 ಇದ್ದು ಕೊನೆಗೆ 15, 20 ಆಗಿದ್ರೆ ಫ್ರೇಮ್ ರೇಟ್ ಏರುಪೇರು. ಆಗ ಮೂಲ ಫೈಲನ್ನ ಮೊದಲು ಸ್ಥಿರ ಮಾಡಿ:

```
ffmpeg -i match.mp4 -vf fps=30 -c:v libx264 -crf 18 -c:a aac -b:a 192k match_cfr.mp4
```

60 ಫ್ರೇಮಿನ ಫೈಲಿಗೆ `fps=60` ಅಂತ ಬರೆಯಿರಿ.

ದೂರದಿಂದ ಆದದ್ದಕ್ಕೆ ಆಡಿಯೋ ಪೂರ್ತಿ ಹಿಂದಕ್ಕೆ ಎಳೆಯಬೇಡಿ. ಫೋನ್ ಪಕ್ಕದಲ್ಲಿ ಕೂತು ಕೂಗಿದ ಮಕ್ಕಳ ದನಿಯೂ ಮುಂಚೆ ಬಂದುಬಿಡುತ್ತೆ. ಆಡಿಯೋವನ್ನ ವಿಡಿಯೋದಿಂದ ಬೇರೆ ಮಾಡಿ, "ಟಕ್" ಸುತ್ತಲಿನ ಅರ್ಧ ಸೆಕೆಂಡನ್ನ ಮಾತ್ರ ಕತ್ತರಿಸಿ ಇನ್ನೊಂದು ಟ್ರ್ಯಾಕಿಗೆ ತನ್ನಿ, ಅದನ್ನಷ್ಟೇ 5 ಅಥವಾ 7 ಫ್ರೇಮ್ ಮುಂಚೆಗೆ ಸರಿಸಿ. ಎರಡೂ ತುದಿಗೆ ಮೂರು ಫ್ರೇಮಿನ ಫೇಡ್. ಮೂಲ ಟ್ರ್ಯಾಕಿನಲ್ಲಿ ಆ ಜಾಗವನ್ನ ಇಳಿಸಿ, ಇಲ್ಲಾಂದ್ರೆ ಎರಡು "ಟಕ್" ಕೇಳುತ್ತೆ. ಸಂಗೀತವನ್ನ ಹೊಡೆತಕ್ಕಿಂತ ಆರು ಫ್ರೇಮ್ ಮುಂಚೆ 8 ಡಿಬಿ ತಗ್ಗಿಸಿ, ಆಮೇಲೆ ಅರ್ಧ ಸೆಕೆಂಡಿನಲ್ಲಿ ವಾಪಸ್ ಏರಿಸಿ.

ರಿಪ್ಲೇಯಲ್ಲಿ ಮಾತ್ರ ನಿಧಾನ ಆದ ಸದ್ದನ್ನ ತೆಗೆದುಹಾಕಿ. 50%ಗೆ ಎಳೆದ "ಟಕ್" ಗೋಣಿಚೀಲಕ್ಕೆ ಬಡಿದಂಗ ಇರುತ್ತೆ. ಅದೇ ಬಾಲಿನ ಸಹಜ ವೇಗದ "ಟಕ್" ತಂದು ಹೊಡೆತದ ಫ್ರೇಮಿಗೆ ಕೂಡಿಸಿ.

ಕೇಶ್ವಾಪುರ_ಎಡಿಟ್

ಎಣಿಸಿ ನೋಡಿದ್ಯಾರಿ. ಎರಡನೇ ಓವರ್‌ನ್ಯಾಗ 7, ಹದಿನೆಂಟನೇ ಓವರ್‌ನ್ಯಾಗೂ 7. ದೂರದ್ದ ಆತು. ಒಂಬತ್ತು ಕ್ಲಿಪ್ ಸರಿ ಮಾಡೀನಿ, ಈಗ ಜಗ್ಗಲಗಿ ಪೆಟ್ಟು ಮತ್ತ ಸ್ಟಂಪಿನ ಸದ್ದು ಒಂದ ಆಗಿ ಬರ್ತಾವು. ಎರಡು ಕ್ಲಿಪ್‌ನ್ಯಾಗ ಮಧ್ಯಾಹ್ನದ ಗಾಳಿ ಮೈಕಿಗೆ ಹೊಡದು "ಟಕ್" ಕೇಳಸೂದ ಇಲ್ಲ. ಬ್ಯಾರೆ ಬಾಲಿನ ಸದ್ದು ತಂದು ಹಾಕಬೌದೇನ್ರಿ?

ಗದಗ_ಸ್ಕೋರರ್

ಅಂಚಿಗೆ ತಾಗಿ ಕ್ಯಾಚ್ ಆದ ಬಾಲಿಗೆ ಹಾಕಬ್ಯಾಡ್ರಿ. ತಾಗಿತ್ತೋ ಇಲ್ಲೋ ಅನ್ನೂದಕ್ಕ ಆ ಸದ್ದ ಸಾಕ್ಷಿ ಆಗ್ತದ, ಅದನ್ನ ನಾವು ಹುಟ್ಟಿಸಬಾರದು.

ಟೈಮ್‌ಲೈನ್_ಧಾರವಾಡ

ಅಂಚಿನ ಮಾತು ಸರಿ. ಫೋರ್, ಸಿಕ್ಸ್ ಆದ್ರೆ ಅದೇ ಬ್ಯಾಟ್ಸ್‌ಮನ್ ಅದೇ ತುದಿಯಲ್ಲಿ ಹೊಡೆದ ಬೇರೆ ಬಾಲಿನದು ತಗೊಳ್ಳಿ, ತಪ್ಪಿಲ್ಲ. ಮೊದಲು ಗಾಳಿ ಕ್ಲಿಪ್ ಮೇಲೆ 120 ಹರ್ಟ್ಸ್ ಕೆಳಗಿನದನ್ನ ಈಕ್ವಲೈಜರ್‌ನಲ್ಲಿ ಕತ್ತರಿಸಿ ಕೇಳಿ. ಗಾಳಿಯ ಗುಡುಗು ಹೆಚ್ಚಾಗಿ ಅಲ್ಲೇ ಇರುತ್ತೆ, ಒಮ್ಮೊಮ್ಮೆ ಕೆಳಗೆ "ಟಕ್" ಸಿಕ್ಕೇ ಸಿಗುತ್ತೆ.

ಎಕ್ಸ್‌ಪೋರ್ಟ್ ಮಾಡುವಾಗ 1080ಪಿ 30ಕ್ಕೆ ಬಿಟ್ ರೇಟ್ 16 ಎಂಬಿಪಿಎಸ್ ಇಡಿ. ಧಾರವಾಡದ ಕೆಂಪು ಮಣ್ಣಿನ ಮೇಲೆ ಕೆಂಪು ಚೆಂಡು ಉರುಳುವಾಗ ಬಣ್ಣದ ವ್ಯತ್ಯಾಸ ಕಡಿಮೆ. ಬಿಟ್ ರೇಟ್ ಇಳಿದ್ರೆ ಮೊದಲು ಕಾಣೆಯಾಗೋದು ಆ ಚೆಂಡೇ. ಗ್ಯಾದರಿಂಗ್ ಮಂದಿಗೆ ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾ ಪೆನ್‌ಡ್ರೈವ್‌ನಲ್ಲಿ ಕೊಡಿ.

ಕೇಶ್ವಾಪುರ_ಎಡಿಟ್

120 ಕಟ್ ಮಾಡಿದ ಮ್ಯಾಲೆ ಒಂದರಾಗ ಸಣ್ಣಗ ಕೇಳಸ್ತೈತ್ರಿ, ಅದನ್ನ ಇಟ್ಕೊಂಡೆ. ಇನ್ನೊಂದು ಕೀಪರ್ ಕ್ಯಾಚ್ ಇತ್ತು, ಅದನ್ನ ಸದ್ದಿಲ್ಲದ ಬಿಟ್ಟೀನಿ, ಆ ಜಾಗದಾಗ ಮ್ಯೂಸಿಕ್ ತಗ್ಗಿಸಿಲ್ಲ. ರನ್ ಔಟ್ ಒಂದ ಉಳದೈತಿ. ಸದ್ಯಕ್ಕ ಫೀಲ್ಡರ್ ಎಸದದ್ದು, ಅಂಪೈರ್ ಬೆರಳು, ಇಷ್ಟ ಹಾಕಿ ಪಿ.ಟಿ. ಸರ್‌ಗೆ ತೋರಸಾಕ ಕಳಸೀನಿ.